ಕೆರೆ ಕೆಲಸಕ್ಕೆ ಕರೆಯುವ ಎಂಟು ಸಾಲು



ಬೇಸಿಗೆ ಶುರುವಾಯಿತೆಂದರೆ ಫೋನಿಗೆ ಒಂದು ಬಗೆಯ ಫೋಟೋ ಬರತೊಡಗುತ್ತದೆ. ಸೂರ್ಯ ಮುಳುಗುವ ಹೊತ್ತಿನ ಕೆರೆ, ಮೇಲೆ ನಾಲ್ಕು ಕೊಕ್ಕರೆ, ಕೆಳಗೆ ಬರಹ: ‘ಬನ್ನಿ, ನಮ್ಮ ಕೆರೆ ಉಳಿಸೋಣ! ಬರುವ ಭಾನುವಾರ ಬೆಳಿಗ್ಗೆ ಕೆರೆಯ ಬಳಿ ಸೇರೋಣ. ಎಲ್ಲರೂ ಬನ್ನಿ, ಸ್ನೇಹಿತರನ್ನೂ ಕರೆತನ್ನಿ.’ ಬರೆದವರ ಮನಸ್ಸು ಒಳ್ಳೆಯದೇ. ಆದರೆ ಇದನ್ನು ಓದಿ ಮನೆಯಿಂದ ಹೊರಟವನು ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ, ಕಾಲಿಗೆ ಏನು ಹಾಕಿಕೊಳ್ಳಬೇಕು, ಅಲ್ಲಿ ಹೋಗಿ ಮಾಡುವುದೇನು, ಒಂದೂ ಗೊತ್ತಾಗುವುದಿಲ್ಲ.

ನನ್ನ ಪಾಲಿಗೆ ಬಂದಿರುವುದು ಕೆರೆ ಕೆಲಸದ ಫೋಟೋಗಳ ಕೆಳಗೆ ಈ ಸಾಲುಗಳನ್ನು ಬರೆಯುವ ಕೆಲಸ. ನೋಡುವವರಿಗೆ ಇದು ಗುಮಾಸ್ತಿಕೆ. ಆದರೆ ಭಾನುವಾರದ ಕೆಲಸ ಹೇಗೆ ನಡೆಯುತ್ತದೆ ಎಂಬುದು ಬಹಳಮಟ್ಟಿಗೆ ಗುರುವಾರ ಬರೆದ ಈ ಎಂಟು ಸಾಲಿನಲ್ಲೇ ತೀರ್ಮಾನವಾಗಿರುತ್ತದೆ. ಯಾವ ಸಾಲು ತುಂಬಲು ನಿಮ್ಮಿಂದ ಆಗುವುದಿಲ್ಲವೋ ಆ ಕೆಲಸಕ್ಕೆ ನೀವಿನ್ನೂ ಸಿದ್ಧವಾಗಿಲ್ಲ ಎಂದರ್ಥ. ಒಂದು ಮಾದರಿಯನ್ನೇ ಓದುತ್ತೇನೆ. ಊರು ಯಾವುದಾದರೂ ಇರಲಿ, ಕೆರೆಯ ಹೆಸರು ದೊಡ್ಡಕೆರೆ ಎಂದಿಟ್ಟುಕೊಳ್ಳೋಣ.

‘ಭಾನುವಾರ, 17 ಮೇ 2026, ಬೆಳಿಗ್ಗೆ 6.30ರಿಂದ 8.30. ದೊಡ್ಡಕೆರೆ, ರಾಜಕಾಲುವೆ ಸೇತುವೆ ಪಕ್ಕದ ಪಂಪ್‌ಹೌಸ್ ಗೇಟು.

ಕೆಲಸ: ಮಳೆಗೆ ಮುಂಚೆ, ಕೆರೆಗೆ ನೀರು ಬರುವ ಕಾಲುವೆಯ ಬಾಯಲ್ಲಿ, ಎರಡೂ ದಡದ ಮೇಲಿನ ಪ್ಲಾಸ್ಟಿಕ್, ಬಾಟಲಿ, ಬಟ್ಟೆ ಆಯುವುದು. ಯಾರೂ ನೀರಿಗೆ ಇಳಿಯುವುದಿಲ್ಲ.

ಮೂವತ್ತು ಜನ ಸಾಕು. ಹದಿನಾಲ್ಕು ವರ್ಷ ದಾಟಿದವರು. ಹದಿನೆಂಟರೊಳಗಿನವರ ಜೊತೆ ಮನೆಯ ದೊಡ್ಡವರು ಇರಬೇಕು.

ಹಾಕಿಕೊಂಡು ಬನ್ನಿ: ಬೆರಳು ಮುಚ್ಚುವ ಹಳೆಯ ಶೂ, ಪೂರ್ತಿ ಪ್ಯಾಂಟು, ತುಂಬುತೋಳಿನ ಅಂಗಿ, ಟೋಪಿ.

ತನ್ನಿ: ದಪ್ಪ ರಬ್ಬರ್ ಗ್ಲೌಸ್, ಮನೆಯಿಂದ ಕುಡಿಯುವ ನೀರು, ಒಂದು ಟವೆಲ್.

ನಾವು ಕೊಡುವುದು: ಚೀಲ, ಕೊಕ್ಕೆ, ಸೋಪು, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ತುಂಬಿದ ಚೀಲಗಳು 9 ಗಂಟೆಗೆ ಪಂಚಾಯಿತಿಯ ಕಸದ ಆಟೋದಲ್ಲಿ ಹೋಗುತ್ತವೆ.

ಹೆಸರು ಕೊಡಲು ಶುಕ್ರವಾರ ಸಂಜೆಯೊಳಗೆ ಈ ನಂಬರಿಗೆ ತಿಳಿಸಿ.

ರಾತ್ರಿ ಜೋರು ಮಳೆ ಬಂದರೆ ಕೆಲಸ ಇಲ್ಲ, ಬೆಳಿಗ್ಗೆ 5.30ಕ್ಕೆ ಇದೇ ಗುಂಪಿನಲ್ಲಿ ತಿಳಿಸುತ್ತೇವೆ.’

ಇಷ್ಟೇ. ಇದರಲ್ಲಿ ಕೆರೆಯ ಮಹಿಮೆ ಇಲ್ಲ, ಉದ್ಗಾರ ಚಿಹ್ನೆ ಇಲ್ಲ. ಪ್ರತಿ ಸಾಲಿನ ಹಿಂದೆ ಒಂದೊಂದು ಕಾರಣವಿದೆ.

ಮೊದಲನೆಯದು ದಿನ. ‘ಬರುವ ಭಾನುವಾರ’ ಎಂಬ ಎರಡು ಪದ ಎಷ್ಟು ಜನರನ್ನು ಖಾಲಿ ಕೆರೆಯಂಗಳದಲ್ಲಿ ನಿಲ್ಲಿಸಿದೆಯೋ! ವಾಟ್ಸ್‌ಆ್ಯಪ್ ಸಂದೇಶಕ್ಕೆ ಸಾವಿಲ್ಲ. ಬುಧವಾರ ನೀವು ಹಾಕಿದ್ದನ್ನು ಯಾರೋ ಮುಂದಿನ ಮಂಗಳವಾರ ಇನ್ನೊಂದು ಗುಂಪಿಗೆ ದಾಟಿಸುತ್ತಾರೆ. ಅಲ್ಲಿ ಓದಿದವರಿಗೆ ‘ಬರುವ ಭಾನುವಾರ’ ಎಂದರೆ ಅದರ ಮುಂದಿನ ಭಾನುವಾರ. ಆದ್ದರಿಂದ ವಾರ, ತಾರೀಖು, ತಿಂಗಳು, ಇಸವಿ ನಾಲ್ಕೂ ಬೇಕು. ಇಸವಿ ಯಾಕೆ ಎಂದು ಕೇಳಬೇಡಿ. ಮೂರು ವರ್ಷದ ಹಿಂದಿನ ಕರೆಯೋಲೆ ಮತ್ತೆ ಸುತ್ತಿಗೆ ಬರುವುದು ನಮ್ಮಲ್ಲಿ ಹೊಸದೇನಲ್ಲ. ವಾರ ಮತ್ತು ತಾರೀಖು ಎರಡನ್ನೂ ಬರೆಯುವುದರಲ್ಲಿ ಇನ್ನೊಂದು ಲಾಭವಿದೆ. ಬರೆಯುವಾಗ ಒಂದು ತಪ್ಪಿದರೆ ಇನ್ನೊಂದರ ಜೊತೆ ತಾಳೆಯಾಗುವುದಿಲ್ಲ, ಓದಿದವರು ಫೋನ್ ಮಾಡಿ ಕೇಳುತ್ತಾರೆ.

ಮುಗಿಯುವ ಹೊತ್ತು ಬರೆಯುವವರು ಕಡಿಮೆ. ಆದರೆ ಬರುವವರು ಲೆಕ್ಕ ಹಾಕುವುದು ಅದನ್ನೇ. ಮನೆಯಲ್ಲಿ ಮಗು ಬಿಟ್ಟು ಬರುವ ತಾಯಿಗೆ, ಹತ್ತು ಗಂಟೆಗೆ ಅಂಗಡಿ ತೆಗೆಯಬೇಕಾದವರಿಗೆ 8.30ಕ್ಕೆ ಬಿಡುತ್ತಾರೆ ಎಂದು ಗೊತ್ತಾದರೆ ಬರುತ್ತಾರೆ. ಮೇ ತಿಂಗಳಲ್ಲಿ ಒಂಬತ್ತರ ಮೇಲೆ ಬಯಲಲ್ಲಿ ಬಗ್ಗಿ ಕೆಲಸ ಮಾಡಿದರೆ ತಲೆ ಸುತ್ತುವುದು ಖಂಡಿತ. ಹೀಗಾಗಿ 8.30 ಎಂದರೆ 8.30. ಅರ್ಧ ಕೆಲಸ ಉಳಿದರೂ ನಿಲ್ಲಿಸಬೇಕು.

ಈಗ ಜಾಗ. ‘ಕೆರೆಯ ಬಳಿ’ ಎಂದರೆ ಯಾವ ಬಳಿ? ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಸುತ್ತಳತೆ ಹತ್ತಾರು ಕಿಲೋಮೀಟರ್. ಅದನ್ನು ಬಿಡಿ, ಸಾಧಾರಣ ಊರಕೆರೆಯನ್ನು ಒಂದು ಸುತ್ತು ಹಾಕಲು ಅರ್ಧ ಗಂಟೆ ಮುಕ್ಕಾಲು ಗಂಟೆ ಬೇಕು. ಹೆಸರೂ ಕೈಕೊಡುತ್ತದೆ. ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಕೆರೆ ಎರಡಿವೆ. ಒಂದು ದಕ್ಷಿಣಕ್ಕೆ ಜೆ.ಪಿ. ನಗರದ ಕಡೆ, ಇನ್ನೊಂದು ಉತ್ತರಕ್ಕೆ ಯಲಹಂಕದಲ್ಲಿ. ನಡುವೆ ಇಡೀ ಬೆಂಗಳೂರು. ಬರೀ ‘ಪುಟ್ಟೇನಹಳ್ಳಿ ಕೆರೆ’ ಎಂದು ಬರೆದರೆ ಉತ್ಸಾಹಿಯೊಬ್ಬ ಊರಿನ ಆಚೆ ತುದಿಯಲ್ಲಿ ಗ್ಲೌಸ್ ಹಾಕಿಕೊಂಡು ಕಾಯುತ್ತಿರುತ್ತಾನೆ. ಇನ್ನು ದೊಡ್ಡಕೆರೆ, ಹೊಸಕೆರೆ, ಅಮಾನಿಕೆರೆಗಳಂತೂ ಹೋಬಳಿಗೆ ಒಂದಾದರೂ ಉಂಟು.

ಲೊಕೇಶನ್ ಕಳಿಸಿದರೆ ಮುಗಿಯಿತಲ್ಲ ಎನ್ನುತ್ತೀರಿ. ಕೆರೆಯ ಹೆಸರು ಹುಡುಕಿ ಅದನ್ನೇ ಹಂಚಿದರೆ ಆ ಗುರುತು ಸಾಮಾನ್ಯವಾಗಿ ಬೀಳುವುದು ಕೆರೆಯ ನಟ್ಟನಡುವೆ, ನೀರಿನ ಮೇಲೆ. ದಾರಿ ತೋರಿಸುವ ಫೋನು ಅದಕ್ಕೆ ಹತ್ತಿರದ ಯಾವುದೋ ರಸ್ತೆಗೆ, ಎಷ್ಟೋ ಸಲ ತಂತಿಬೇಲಿಯ ಹಿಂದಕ್ಕೆ, ತಂದು ನಿಲ್ಲಿಸುತ್ತದೆ. ಸೇರುವ ಜಾಗದಲ್ಲಿ ನೀವೇ ಹೋಗಿ ನಿಂತು, ಅಲ್ಲಿಂದ ಲೊಕೇಶನ್ ತೆಗೆದು ಕಳಿಸಬೇಕು.

ಜಾಗದ ವಿಷಯದಲ್ಲಿ ಇನ್ನೂ ಒಂದು ಎಡವಟ್ಟು ಮಾಮೂಲು. ಕೆರೆ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಏರಿ. ತೂಬು ಅಲ್ಲೇ, ಕೋಡಿಯೂ ಏರಿಯ ತುದಿಗೇ, ಊರೂ ಬಹಳ ಕಡೆ ಏರಿಯ ಮಗ್ಗುಲಿಗೇ. ಆದ್ದರಿಂದ ‘ಏರಿ ಮೇಲೆ ಸೇರೋಣ’ ಎಂದು ಬರೆದುಬಿಡುತ್ತೇವೆ. ಆದರೆ ಏರಿ ಇರುವುದು ಕೆರೆಯ ತಗ್ಗಿನ ಕಡೆ. ನೀರು ಒಳಗೆ ಬರುವುದು ಎದುರು ದಿಕ್ಕಿನಿಂದ, ಮೇಲ್ಗಡೆಯಿಂದ. ನಮ್ಮ ಕೆಲಸ ಕಾಲುವೆ ಬಾಯಲ್ಲಿದ್ದು ಜನ ಏರಿ ಮೇಲೆ ಸೇರಿದರೆ, ಚೀಲ ಕೊಕ್ಕೆ ಹೊತ್ತು ಕೆರೆಯ ಅರ್ಧ ಸುತ್ತು ನಡೆಯುವುದರಲ್ಲೇ ತಂಪುಹೊತ್ತು ಕಳೆದುಹೋಗುತ್ತದೆ. ಸೇರುವ ಜಾಗ ಕೆಲಸದ ಜಾಗದಿಂದ ಕೂಗಳತೆಯಲ್ಲಿರಬೇಕು, ಅಲ್ಲಿಗೆ ಕಸದ ಆಟೋ ಬರುವಂತಿರಬೇಕು, ಕೈ ತೊಳೆಯಲು ನಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಪಂಪ್‌ಹೌಸ್ ಗೇಟು ಎಂದು ಬರೆದದ್ದು ಅದಕ್ಕೆ. ಮತ್ತು ಫೋಟೋ ಕೂಡ ಅದೇ ಗೇಟಿನದೇ ಇರಲಿ. ಸೂರ್ಯಾಸ್ತ ನೋಡಿ ಯಾರೂ ದಾರಿ ಕಂಡುಹಿಡಿಯಲಾರರು.

ಬರಹವನ್ನು ಫೋಟೋದ ಒಳಗೇ ಅಚ್ಚು ಹಾಕಿಸುವ ಚಾಳಿಯೂ ಇದೆ. ಅದರಲ್ಲಿರುವ ನಂಬರನ್ನು ಬಹಳಷ್ಟು ಫೋನುಗಳಲ್ಲಿ ಮುಟ್ಟಿ ಕರೆ ಮಾಡಲಾಗದು, ಆಮೇಲೆ ಗುಂಪಿನಲ್ಲಿ ಹುಡುಕಿದರೂ ಸಿಗದು. ಸಾಲುಗಳು ಫೋಟೋದ ಕೆಳಗೆ ಇರಲಿ. ಬರಹ ಉದ್ದವಾದರೆ ಫೋನು ಮೊದಲ ಕೆಲವು ಸಾಲು ಮಾತ್ರ ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ. ದಿನ ಮತ್ತು ಜಾಗ ಮೊದಲ ಸಾಲಿನಲ್ಲೇ ಬಂದಿರುವುದು ಅದರಿಂದ.

ಮೂರನೆಯದು ಕೆಲಸ. ನನ್ನ ಮಟ್ಟಿಗೆ ಇದೇ ಮುಖ್ಯವಾದ ಸಾಲು, ಜನ ಬಿಟ್ಟುಬಿಡುವುದೂ ಇದನ್ನೇ. ‘ಕೆರೆ ಸ್ವಚ್ಛತೆ’ ಎಂದರೆ ಒಬ್ಬರಿಗೆ ಹೂಳೆತ್ತುವುದು, ಒಬ್ಬರಿಗೆ ಕಳೆ ಕೀಳುವುದು, ಇನ್ನೊಬ್ಬರಿಗೆ ಗಿಡ ನೆಡುವುದು. ಗುದ್ದಲಿ ಹಿಡಿದು ಬಂದವರು, ಸಸಿ ತಂದವರು, ಈಜಲು ಬರುತ್ತದೆ ಎಂದು ಅಂಗಿ ಬಿಚ್ಚುವ ಹುಡುಗರು, ಎಲ್ಲರೂ ಒಟ್ಟಿಗೆ ಸೇರಿದರೆ ಆ ಬೆಳಿಗ್ಗೆ ಮಾತಿನಲ್ಲೇ ಮುಗಿಯುತ್ತದೆ.

ಕಾಲುವೆಯ ಬಾಯನ್ನೇ ಯಾಕೆ ಆರಿಸಬೇಕು? ಡಿಸೆಂಬರಿನಿಂದ ಮೇವರೆಗೆ ಊರಿನ ಮೋರಿಗಳಿಗೆ ಬಿದ್ದ ಕಸವೆಲ್ಲ ರಾಜಕಾಲುವೆಯಲ್ಲಿ ಒಣಗಿ ಕೂತಿರುತ್ತದೆ. ಹಾಲಿನ ಕವರು, ಗುಟ್ಕಾ ಚೀಟಿ, ಥರ್ಮಾಕೋಲ್ ತಟ್ಟೆ, ಹರಿದ ಸೀರೆ. ಮೊದಲ ಜಡಿಮಳೆ ಅಷ್ಟನ್ನೂ ಒಂದೇ ಸಲ ಕೆರೆಯೊಳಗೆ ತಳ್ಳುತ್ತದೆ. ಕಾಲುವೆಯ ಬಾಯಲ್ಲಿ ಒಣಗಿರುವಾಗ ಒಬ್ಬ ಮನುಷ್ಯ ನಿಂತ ನೆಲದಲ್ಲೇ ಕೈಯಿಂದ ಆಯಬಹುದಾದದ್ದು, ಕೆರೆಗೆ ಹೋಗಿ ಜೊಂಡಿನ ಬೇರಿಗೆ ಸಿಕ್ಕಿಕೊಂಡ ಮೇಲೆ ದೋಣಿ ಇಲ್ಲದೆ ಬರುವುದಿಲ್ಲ. ಅದಕ್ಕೇ ಮೇ ತಿಂಗಳು. ಜೂನಿನಲ್ಲಿ ಮಾಡಿದರೆ ಅಷ್ಟೇ ಬೆವರಿಗೆ ಕಾಲುಭಾಗ ಫಲವೂ ಸಿಗದು. ಮಳೆಗಾಲದಲ್ಲಿ ಜೊಂಡಿನ ನಡುವೆ ಜಂಬುಕೋಳಿ, ಗುಳುಮುಳುಕಗಳು ಗೂಡು ಕಟ್ಟಿರುತ್ತವೆ. ಆಗ ಜನರ ಗದ್ದಲ ಆ ಕಡೆ ಹೋಗದಿದ್ದರೇ ಒಳಿತು.

ಎಲ್ಲರ ಕಣ್ಣು ಬೀಳುವುದು ಅಂತರಗಂಗೆಯ ಮೇಲೆ. ನೇರಳೆ ಹೂವಿನ, ಊದಿದ ದಂಟಿನ ಆ ತೇಲುಕಳೆ ಕೆರೆಯನ್ನು ಹಸಿರು ಮೈದಾನ ಮಾಡಿರುತ್ತದೆ. ಅದನ್ನು ಕಿತ್ತು ಹಾಕೋಣ ಎಂದು ಪ್ರತಿ ಸಲ ಯಾರಾದರೂ ಹೇಳುತ್ತಾರೆ. ಕಿತ್ತರೆ ಏನಾಗುತ್ತದೆ ಎಂಬುದನ್ನು ನೋಡಿದವರು ಹಾಗೆ ಹೇಳುವುದಿಲ್ಲ. ಅದರ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಬರೀ ನೀರು. ಇಬ್ಬರು ಎಳೆದರೆ ಬರುವ ಒಂದು ಹೊರೆ ಒಣಗಿದ ಮೇಲೆ ಒಂದು ಹಿಡಿ. ದಡದ ಅಂಚಿನಲ್ಲೇ ಬಿಟ್ಟರೆ ಮಳೆನೀರು ಏರಿದಾಗ ಮತ್ತೆ ಬೇರು ಬಿಡುತ್ತದೆ. ನೀರಲ್ಲಿ ಉಳಿದ ತುಂಡು ಬಳ್ಳಿ ಚಿಗುರಿ, ಕೊಳಚೆ ಸಿಗುವ ಕೆರೆಯಲ್ಲಿ ಎರಡು ವಾರಕ್ಕೆಲ್ಲ ಇಮ್ಮಡಿಯಾಗುತ್ತದೆ. ಬೀಜವೋ ಹೂಳಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದು ಕೂರುತ್ತದೆ. ಅದು ದೋಣಿ, ಯಂತ್ರ, ಸತತ ಕೂಲಿ ಬೇಕಾದ ಕೆಲಸ. ಒಳಗೆ ಬರುವ ಚರಂಡಿ ನೀರನ್ನು ತಡೆಯದೆ ಅದರಿಂದಲೂ ಪ್ರಯೋಜನವಿಲ್ಲ. ಬೆಳ್ಳಂದೂರು ಕೆರೆಯ ನೊರೆ, ಬೆಂಕಿ ನಿಮಗೆ ನೆನಪಿರಬಹುದು. 2018ರ ಜನವರಿಯಲ್ಲಿ ಕೆರೆಯಂಗಳದ ಒಣಹುಲ್ಲು ಕಳೆಗೆ ಬೆಂಕಿ ಬಿದ್ದಾಗ ಆರಿಸಲು ಸೇನೆಯ ಸಾವಿರಾರು ಯೋಧರು ಬರಬೇಕಾಯಿತು. ಆ ಕೆರೆಯ ಕಾಯಿಲೆ ಇರುವುದು ಅದಕ್ಕೆ ಹರಿಯುವ ಕೊಳಚೆಯಲ್ಲಿ. ಭಾನುವಾರದ ಮೂವತ್ತು ಜನ ಅದನ್ನು ವಾಸಿ ಮಾಡುತ್ತೇವೆ ಎಂದು ಫೋಟೋದ ಕೆಳಗೆ ಬರೆದರೆ ಸುಳ್ಳಾಗುತ್ತದೆ. ಅಂದಹಾಗೆ, ಆಯ್ದ ಕಸವನ್ನು ದಡದಲ್ಲೇ ಸುಟ್ಟುಬಿಡೋಣ ಎನ್ನುವ ಒಬ್ಬರು ಎಲ್ಲ ಊರಿನಲ್ಲೂ ಇರುತ್ತಾರೆ. ಮೇ ತಿಂಗಳ ಒಣಹುಲ್ಲಿನ ಪಕ್ಕದಲ್ಲಿ ಅವರ ಬೆಂಕಿಪೊಟ್ಟಣ ಮೊದಲು ಇಸಿದುಕೊಳ್ಳಿ.

‘ಯಾರೂ ನೀರಿಗೆ ಇಳಿಯುವುದಿಲ್ಲ’ ಎಂದು ಬರೆದದ್ದು ಹೆದರಿಸಲು ಅಲ್ಲ. ಹೂಳು ತುಂಬಿದ ಕೆರೆಯಲ್ಲಿ ಮೊಣಕಾಲುದ್ದ ನೀರು ಕಾಣುತ್ತದೆ, ಕಾಲಿಟ್ಟರೆ ತೊಡೆವರೆಗೆ ಕೆಸರು. ಗಂಬೂಟು ಇದೆ ಎನ್ನುವವರಿಗೆ ಅದೇ ಅಪಾಯ: ಮೇಲಿನಿಂದ ನೀರು ತುಂಬಿತೆಂದರೆ ಬೂಟು ಎತ್ತಲಾಗದು, ಕಾಲು ಬಿಡಿಸಿಕೊಳ್ಳಲೂ ಆಗದು. ಇನ್ನು ಮುಚ್ಚಿದ ಚರಂಡಿ, ಮ್ಯಾನ್‌ಹೋಲ್ ಕಡೆ ಯಾರೂ ತಲೆ ಹಾಕಬಾರದು. ಒಳಗಿನ ವಿಷಗಾಳಿ ಎಚ್ಚರಿಕೆ ಕೊಡದೆ ಕೆಡವುತ್ತದೆ. ಅಂಥ ಗುಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನೇ ನಿಷೇಧಿಸಿದೆ. ಸ್ವಯಂಸೇವೆ ಎಂದು ಕರೆದ ಮಾತ್ರಕ್ಕೆ ಗಾಳಿ ಬದಲಾಗುವುದಿಲ್ಲ.

‘ಮೂವತ್ತು ಜನ ಸಾಕು’ ಎಂದರೆ ಕೆಲವರಿಗೆ ಬೇಸರವಾಗುತ್ತದೆ. ನೂರು ಜನ ಬಂದರೆ ಇನ್ನೂ ಒಳ್ಳೆಯದಲ್ಲವೇ? ಲೆಕ್ಕ ಹಾಕಿ ನೋಡೋಣ. ಇಬ್ಬಿಬ್ಬರ ಜೋಡಿ ಮಾಡುತ್ತೇವೆ, ಒಬ್ಬರು ಚೀಲ ಹಿಡಿಯಲು, ಒಬ್ಬರು ಆಯಲು. ಮೂವತ್ತು ಜನಕ್ಕೆ ಹದಿನೈದು ಜೋಡಿ. ಎರಡು ಗಂಟೆಯಲ್ಲಿ ಮೊದಲ ಕಾಲುಗಂಟೆ ಕೆಲಸ ವಿವರಿಸಲು, ಕೊನೆಯ ಕಾಲುಗಂಟೆ ಚೀಲ ಕಟ್ಟಲು, ಕೈ ತೊಳೆಯಲು. ಉಳಿದದ್ದು ಒಂದೂವರೆ ಗಂಟೆ. ಜೋಡಿಯೊಂದು ಗಂಟೆಗೆ ಎರಡು ಸಿಮೆಂಟ್ ಚೀಲ ತುಂಬಿದರೆ ಜೋಡಿಗೆ ಮೂರು, ಒಟ್ಟು ನಲವತ್ತೈದು ಚೀಲ. ಪ್ಲಾಸ್ಟಿಕ್ ಕಸ ಹಗುರ, ಆದರೆ ಜಾಗ ನುಂಗುತ್ತದೆ. ಕಸದ ಆಟೋದಲ್ಲಿ ತೂಕಕ್ಕಿಂತ ಮೊದಲು ತುಂಬುವುದು ಗಾತ್ರ. ನಲವತ್ತೈದು ಚೀಲಕ್ಕೆ ಅದು ಎರಡು ಸಲ ಓಡಾಡಬೇಕು. ನೂರು ಜನ ಬಂದರೆ ನೂರೈವತ್ತು ಚೀಲ. ಅದನ್ನು ಒಯ್ಯಲು ಟ್ರ್ಯಾಕ್ಟರ್ ಗೊತ್ತು ಮಾಡಿದ್ದೀರಾ? ಇಲ್ಲದಿದ್ದರೆ ಆಗುವುದು ಇದು: ಕಟ್ಟಿದ ಚೀಲಗಳ ಸಾಲಿನ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ, ರಾತ್ರಿ ನಾಯಿಗಳು ಚೀಲ ಹರಿಯುತ್ತವೆ, ಬಿಸಿಲಿಗೆ ಸಿಮೆಂಟ್ ಚೀಲವೇ ಪುಡಿಯಾಗುತ್ತದೆ, ಮೊದಲ ಮಳೆಗೆ ಎಲ್ಲ ಕಾಲುವೆಗೆ ವಾಪಸು. ಕೆಲಸ ಸರಿಯಾಗಿ ನಡೆಯಿತೇ ಎಂದು ತಿಳಿಯಬೇಕಾದರೆ ಭಾನುವಾರದ ಫೋಟೋ ನೋಡಬೇಡಿ, ಬುಧವಾರ ಆ ಜಾಗಕ್ಕೆ ಹೋಗಿ.

ಆದ್ದರಿಂದಲೇ ಆಟೋದ ಹೊತ್ತು ಬರೆಯದೆ ಕರೆ ಕಳಿಸಬಾರದು. ಅದನ್ನು ಬರೆಯಬೇಕಾದರೆ ಕೆರೆ ಯಾರ ಸುಪರ್ದಿಯಲ್ಲಿದೆ ಎಂದು ಗೊತ್ತಿರಬೇಕು. ಹಳ್ಳಿಗಳ ಕಡೆ ನಲವತ್ತು ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡವು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಪಟ್ಟಣದಲ್ಲಾದರೆ ಪುರಸಭೆಯನ್ನೋ ಪಾಲಿಕೆಯನ್ನೋ ಕೇಳಬೇಕು. ಒಂದು ವಾರ ಮುಂಚೆ ಪಿಡಿಒ ಸಾಹೇಬರಿಗೋ ನಗರಸಭೆಯ ಆರೋಗ್ಯ ನಿರೀಕ್ಷಕರಿಗೋ ಒಂದು ಪುಟದ ಪತ್ರ ಕೊಟ್ಟು, ಮೂರು ವಿಷಯ ಕೇಳಿ: ಅನುಮತಿ, ಗಾಡಿ, ಚೀಲಗಳನ್ನು ಇಳಿಸುವ ಜಾಗ. ಶನಿವಾರ ಮಧ್ಯಾಹ್ನ ಆಟೋ ಓಡಿಸುವವರಿಗೇ ಒಂದು ಫೋನ್ ಮಾಡಿ. ಭಾನುವಾರ ಅವರ ರಜೆಯಾಗಿರಬಹುದು ಎಂಬುದು ಸಾಹೇಬರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ತರಬೇಕಾದ ಸಾಮಾನಿನ ಸಾಲು ಚಿಕ್ಕದಿದ್ದಷ್ಟೂ ಜನ ತರುತ್ತಾರೆ. ಹತ್ತು ವಸ್ತು ಬರೆದರೆ ಒಂದನ್ನೂ ತರುವುದಿಲ್ಲ. ಗ್ಲೌಸ್ ಬಗ್ಗೆ ‘ದಪ್ಪ ರಬ್ಬರ್’ ಎಂದು ಬಿಡಿಸಿ ಬರೆಯಲೇಬೇಕು, ಇಲ್ಲದಿದ್ದರೆ ಆಸ್ಪತ್ರೆಯ ತೆಳು ಗ್ಲೌಸ್ ತರುತ್ತಾರೆ. ಕಾಲುವೆ ಬಾಯಲ್ಲಿ ಕೈಗೆ ಸಿಗುವುದು ಒಡೆದ ಬಾಟಲಿ, ತುಕ್ಕು ತಂತಿ. ತೆಳು ಗ್ಲೌಸ್ ಮೊದಲ ಹತ್ತು ನಿಮಿಷದಲ್ಲೇ ಹರಿಯುತ್ತದೆ. ಇಲಿ ಓಡಾಡಿದ ಕೊಳಚೆ ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಕೈಯಲ್ಲಿ ಈಗಾಗಲೇ ಗಾಯ ಇರುವವರಿಗೆ ಆ ದಿನ ಹೆಸರು ಬರೆಯುವ, ಚೀಲ ಎಣಿಸುವ ಕೆಲಸ ಕೊಡಿ. ಸಿರಿಂಜು, ಸೂಜಿ ಕಂಡರೆ ಯಾರೂ ಮುಟ್ಟಬಾರದು. ಒಬ್ಬರೇ ಜವಾಬ್ದಾರರು ಇಕ್ಕಳದಲ್ಲಿ ಹಿಡಿದು ಗಟ್ಟಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಬೇಕು.

ಚಪ್ಪಲಿ ಹಾಕಿ ಬಂದವರನ್ನು ವಾಪಸು ಕಳಿಸುವುದು ಕಷ್ಟ. ‘ಏನೂ ಆಗಲ್ಲ ಬಿಡಿ ಸಾರ್’ ಎನ್ನುತ್ತಾರೆ. ಮೇ ತಿಂಗಳ ಒಣಹುಲ್ಲಿನಲ್ಲಿ ಕೊಳಕುಮಂಡಲ ಮಲಗಿದ್ದರೆ ಹುಲ್ಲಿನ ಬಣ್ಣಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಗುಡ್ಡೆ ಬಿದ್ದ ಬಟ್ಟೆ, ಚೀಲಗಳ ಕೆಳಗೆ ಕೈ ಹಾಕುವ ಮುಂಚೆ ಕೊಕ್ಕೆಯಿಂದಲೇ ತಟ್ಟಿ ಮಗುಚಬೇಕು. ಇದನ್ನು ಫೋಟೋದ ಕೆಳಗೆ ಬರೆಯಲಾಗದು, ಬರೆದರೆ ಮೂವತ್ತರಲ್ಲಿ ಹತ್ತು ಜನ ಬರುತ್ತಾರೆ. 6.30ಕ್ಕೆ ಎದುರೆದುರು ನಿಂತು, ಮಾಡಿ ತೋರಿಸಿ ಹೇಳಬೇಕು. ಶೂ ಎಂಬ ಒಂದು ಪದ ಮಾತ್ರ ಮುಂಚೆಯೇ ತಲುಪಿರಬೇಕು.

ನೀರನ್ನು ಮನೆಯಿಂದ ತನ್ನಿ ಎನ್ನುವುದಕ್ಕೆ ಕಾರಣ ನೀವೇ ಊಹಿಸಿರುತ್ತೀರಿ. ಪ್ಲಾಸ್ಟಿಕ್ ಆಯಲು ಬಂದ ಮೂವತ್ತು ಜನಕ್ಕೆ ಪ್ಲಾಸ್ಟಿಕ್ ಬಾಟಲಿ, ಥರ್ಮಾಕೋಲ್ ತಟ್ಟೆಯಲ್ಲಿ ಉಪ್ಪಿಟ್ಟು ಕೊಡುವ ದಾನಿಗಳು ಇದ್ದೇ ಇರುತ್ತಾರೆ. ಕೊಡಲಿ ಪಾಪ, ಮುತ್ತುಗದ ಎಲೆಯಲ್ಲಿ ಕೊಡಿ ಎಂದು ಕೇಳಿಕೊಂಡರಾಯಿತು.

ಹೆಸರು ಕೊಡಲು ಶುಕ್ರವಾರ ಸಂಜೆ ಎಂದು ಗಡುವು ಹಾಕಿದ್ದೇನೆ, ಶನಿವಾರ ಅಲ್ಲ. ಶನಿವಾರ ಬೆಳಿಗ್ಗೆ ಅಂಗಡಿಗೆ ಹೋಗಿ ಚೀಲ, ಹೆಚ್ಚುವರಿ ಗ್ಲೌಸ್ ಕೊಳ್ಳಬೇಕಾದವರಿಗೆ ಲೆಕ್ಕ ಸಿಗಬೇಕಲ್ಲ. ಹೆಸರು ಕೊಟ್ಟವರೆಲ್ಲ ಬರುವುದಿಲ್ಲ ಎಂಬುದೂ ನಿಮಗೆ ಗೊತ್ತು. ಮೂವತ್ತು ಬೇಕಿದ್ದರೆ ನಲವತ್ತು ಹೆಸರು ಬರೆದುಕೊಳ್ಳಿ, ಅಲ್ಲಿಗೆ ನಿಲ್ಲಿಸಿ, ‘ಈ ಸಲ ಸಾಕು, ಮುಂದಿನ ಕೆಲಸದ ಪಟ್ಟಿಗೆ ಸೇರಿಸಿದ್ದೇವೆ’ ಎಂದು ಉಳಿದವರಿಗೆ ತಿಳಿಸಿ.

ಇನ್ನು ಮಳೆಯ ಸಾಲು. ಮೇ ಮಧ್ಯದಲ್ಲಿ ಸಂಜೆಯ ಮಳೆ ನಮ್ಮ ಕಡೆ ಮಾಮೂಲು. ರಾತ್ರಿ ಜೋರಾಗಿ ಬಂದಿದ್ದರೆ ಕಾಲುವೆಯಲ್ಲಿ ನೀರು ಓಡುತ್ತಿರುತ್ತದೆ, ದಡ ಜಾರುತ್ತದೆ, ಆಯಬೇಕಾದ ಕಸದ ಒಂದು ಪಾಲು ಆಗಲೇ ಕೆರೆ ಸೇರಿರುತ್ತದೆ. ಅಂಥ ದಿನ ಹಟ ಮಾಡುವುದರಲ್ಲಿ ಅರ್ಥವಿಲ್ಲ. ತೀರ್ಮಾನ ಮಾಡುವವರು ಒಬ್ಬರೇ ಇರಲಿ, ಅವರು ಬೆಳಿಗ್ಗೆ ಐದಕ್ಕೆ ಎದ್ದು ಸೇತುವೆಯ ಮೇಲೆ ನಿಂತು ಟಾರ್ಚ್ ಬಿಟ್ಟು ನೀರು ನೋಡಿ ಬರಲಿ. 5.30ಕ್ಕೆ ಗುಂಪಿನಲ್ಲಿ ಹಾಕುವ ಸಂದೇಶದಲ್ಲೂ ದಿನ, ತಾರೀಖು, ಜಾಗ ಮತ್ತೆ ಬರೆಯಬೇಕು: ‘17 ಮೇ ಭಾನುವಾರ, ದೊಡ್ಡಕೆರೆ ಕೆಲಸ ಇಲ್ಲ. ಮುಂದಿನ ದಿನ 24 ಮೇ ಭಾನುವಾರ, ಅದೇ ಗೇಟು, ಅದೇ ಹೊತ್ತು.’ ಗುಂಪಿನಲ್ಲಿ ಇಲ್ಲದೆ ಕಾಗದದ ಚೀಟಿ ನೋಡಿ ಬರುವವರೂ ಇರುತ್ತಾರೆ. ಅವರಿಗಾಗಿ ಒಬ್ಬರು ಏಳು ಗಂಟೆಯವರೆಗೆ ಗೇಟಿನ ಹತ್ತಿರ ನಿಂತಿರಬೇಕು, ಮತ್ತು ಪಂಚಾಯಿತಿ ಆಟೋದವರಿಗೆ ಬರಬೇಡಿ ಎಂದು ಹೇಳುವುದನ್ನು ಮರೆಯಬಾರದು.